ಸರ್ಕ್ಯೂಟ್ ಬಿದ್ದ ಷೇರಿನಲ್ಲಿ ಆರ್‌ಎಸ್‌ಐ ಏನನ್ನು ಅಳೆಯುತ್ತದೆ?

ಪ್ರಶ್ನೆ: ನಾನು ದಾವಣಗೆರೆಯವನು. ಬಿಡುವಿನ ವೇಳೆಯಲ್ಲಿ ಚಾರ್ಟ್ ನೋಡಿ ಷೇರು ಕೊಳ್ಳುತ್ತೇನೆ. ₹100ರ ಆಸುಪಾಸಿನಲ್ಲಿದ್ದ ಒಂದು ಸಣ್ಣ ಕಂಪನಿಯ ಷೇರು ಸತತ ಎಂಟು ದಿನ ಶೇ 5ರ ಅಪ್ಪರ್ ಸರ್ಕ್ಯೂಟ್, ಅಂದರೆ ದಿನದ ಏರಿಕೆಯ ಮಿತಿ, ಮುಟ್ಟಿ ₹147 ದಾಟಿತು. ಆರನೇ ದಿನ ₹134ಕ್ಕೆ 400 ಷೇರು ಸಿಕ್ಕವು. ಅದು ಬಿಇ ಸರಣಿಯ ಷೇರು, ಡೆಲಿವರಿ ಶೇ 100 ಎಂದು ತೋರಿಸುತ್ತಿತ್ತು, ಆದ್ದರಿಂದ ಧೈರ್ಯ ಬಂತು. ಈಗ ಮೂರು ದಿನದಿಂದ ಲೋವರ್ ಸರ್ಕ್ಯೂಟ್. ಬೆಲೆ ₹126.60. ನಷ್ಟ ತಡೆಯಲು ₹130ಕ್ಕೆ ಹಾಕಿದ ಸ್ಟಾಪ್ ಲಾಸ್ ಆರ್ಡರ್ ಮೊದಲೆರಡು ದಿನ ತಿರಸ್ಕೃತವಾಯಿತು, ಮೂರನೇ ದಿನ ಸ್ವೀಕೃತವಾದರೂ ಮಾರಾಟ ಆಗಲಿಲ್ಲ. ಆದರೆ ಆರ್‌ಎಸ್‌ಐ ಇನ್ನೂ 58ರಲ್ಲಿದೆ, ಅಂದರೆ ಏರುಗತಿ ಕೆಟ್ಟಿಲ್ಲ ಎನ್ನುತ್ತಾರೆ ಸ್ನೇಹಿತರು. ಚಾರ್ಟ್‌ನಲ್ಲಿ ಡೋಜಿಗಳೂ ಕಾಣುತ್ತಿವೆ. ಆರ್‌ಎಸ್‌ಐ 30ಕ್ಕೆ ಬಂದಾಗ ಇನ್ನಷ್ಟು ಕೊಂಡು ಸರಾಸರಿ ಇಳಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬೇಡ. ಆ 30 ಎಂಬ ಅಂಕಿ ನಿಮ್ಮ ಷೇರಿನಲ್ಲಿ ಯಾವ ಬೆಲೆಗೆ ಬರುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಕಾರಣ ನಿಮಗೇ ತಿಳಿಯುತ್ತದೆ.

ಆರ್‌ಎಸ್‌ಐ ಲೆಕ್ಕ ಸರಳ. ದಿನವೂ ಮುಕ್ತಾಯ ಬೆಲೆ ಎಷ್ಟು ರೂಪಾಯಿ ಏರಿತು ಅಥವಾ ಇಳಿಯಿತು ಎಂದು ಬರೆದುಕೊಂಡು, ಏರಿಕೆಗೆ ಒಂದು ಸರಾಸರಿ, ಇಳಿಕೆಗೆ ಇನ್ನೊಂದು ಸರಾಸರಿ ಇಡುತ್ತಾರೆ. ಪ್ರತಿದಿನ ಹಳೆಯ ಸರಾಸರಿಯ ಹದಿನಾಲ್ಕರಲ್ಲಿ ಹದಿಮೂರು ಪಾಲನ್ನು ಉಳಿಸಿಕೊಂಡು, ಹೊಸ ದಿನಕ್ಕೆ ಒಂದು ಪಾಲು ಕೊಡುತ್ತಾರೆ. ಎರಡೂ ಸರಾಸರಿಗಳ ಮೊತ್ತದಲ್ಲಿ ಏರಿಕೆಯ ಸರಾಸರಿಯ ಪಾಲು ನೂರಕ್ಕೆ ಎಷ್ಟೋ ಅದೇ ಆರ್‌ಎಸ್‌ಐ. ಎರಡೂ ಸಮವಾಗಿದ್ದರೆ ಸೂಚಕ 50ರಲ್ಲಿ ನಿಲ್ಲುತ್ತದೆ. ನಿಮ್ಮ ಷೇರು ₹100ರಲ್ಲಿ ಅತ್ತಿತ್ತ ಆಡುತ್ತಿದ್ದಾಗ ಎರಡೂ ಸರಾಸರಿ ತಲಾ ₹1 ಇದ್ದವು ಎಂದುಕೊಳ್ಳೋಣ. ಎಂಟು ಅಪ್ಪರ್ ಸರ್ಕ್ಯೂಟ್ ಮುಗಿಯುವ ಹೊತ್ತಿಗೆ ಏರಿಕೆಯ ಸರಾಸರಿ ₹3.27ಕ್ಕೆ ಹೋಗುತ್ತದೆ, ಇಳಿಕೆಯ ಸರಾಸರಿ 55 ಪೈಸೆಗೆ ಸವೆಯುತ್ತದೆ. ಆರ್‌ಎಸ್‌ಐ 85ರ ಮೇಲೆ. ಇಲ್ಲಿಂದ ಲೋವರ್ ಸರ್ಕ್ಯೂಟ್ ಶುರು. ಮೊದಲ ದಿನ 74, ಎರಡನೇ ದಿನ 66, ಮೂರನೇ ದಿನ 58ರ ಮೇಲೆ. ನೀವು ಬರೆದ ಅಂಕಿಗೇ ಬಂದೆವು.

ಇದೇ ಲೆಕ್ಕವನ್ನು ಮುಂದುವರಿಸಿ. ಪ್ರತಿದಿನ ಲೋವರ್ ಸರ್ಕ್ಯೂಟೇ ಬಿದ್ದರೆ ಆರ್‌ಎಸ್‌ಐ 50ರ ಕೆಳಗೆ ಬರುವುದು ಐದನೇ ದಿನ. ಆಗ ಬೆಲೆ ₹114. ಎಂಟನೇ ದಿನ ಬೆಲೆ ₹98ಕ್ಕೆ ಬಂದು ಇಡೀ ಏರಿಕೆ ಅಳಿಸಿಹೋಗಿರುತ್ತದೆ, ಆದರೂ ಸೂಚಕ 37 ಎನ್ನುತ್ತಿರುತ್ತದೆ. ನೀವು ಕಾಯುತ್ತಿರುವ 30ರ ಗೆರೆಯನ್ನು ಅದು ದಾಟುವುದು ಹನ್ನೆರಡನೇ ಲೋವರ್ ಸರ್ಕ್ಯೂಟಿನ ದಿನ, ಬೆಲೆ ₹80ರ ಹತ್ತಿರ ಬಂದಾಗ. ಅಂದರೆ ನಿಮ್ಮ ₹134ರಲ್ಲಿ ಶೇ 40ರಷ್ಟು ಕರಗಿದ ಮೇಲೆ 'ಅತಿ ಮಾರಾಟವಾಗಿದೆ' ಎಂಬ ಸಂದೇಶ ಬರುತ್ತದೆ. ಅದನ್ನು ಖರೀದಿಯ ಸೂಚನೆ ಎಂದು ಓದುವ ಹೊತ್ತಿಗೆ, ಆ ಬೆಲೆಗೆ ಮಾರಲು ಎಷ್ಟು ಜನ ಸರದಿಯಲ್ಲಿ ನಿಂತಿದ್ದಾರೆ ಎಂಬುದು ಆರ್‌ಎಸ್‌ಐಗೆ ಗೊತ್ತೇ ಇರುವುದಿಲ್ಲ.

ಇದಕ್ಕೆ ಆರ್‌ಎಸ್‌ಐಯನ್ನು ಬಯ್ಯುವುದು ಸರಿಯಲ್ಲ. ಅದಕ್ಕೆ ಕೊಟ್ಟ ಬೆಲೆಯೇ ಬೇರೆ ಜಾತಿಯದು. ಸಾಮಾನ್ಯ ದಿನದ ಮುಕ್ತಾಯ ಬೆಲೆಯಲ್ಲಿ ಕೊಳ್ಳುವವನೂ ಮಾರುವವನೂ ಒಪ್ಪಿ ಕೈ ಕುಲುಕಿರುತ್ತಾರೆ. ಆ ಬೆಲೆಗಿಂತ ಮೇಲೆ ಕೊಳ್ಳುವವರು ಉಳಿದಿರುವುದಿಲ್ಲ, ಕೆಳಗೆ ಮಾರುವವರು ಉಳಿದಿರುವುದಿಲ್ಲ. ಸರ್ಕ್ಯೂಟಿಗೆ ಬೀಗ ಬಿದ್ದ ದಿನ ಹಾಗಲ್ಲ. ಆ ದಿನದ ಬೆಲೆಯನ್ನು ನಿಗದಿ ಮಾಡಿದ್ದು ವಿನಿಮಯ ಕೇಂದ್ರದ ನಿಯಮ, ಹಿಂದಿನ ದಿನದ ಬೆಲೆಗೆ ಶೇ 5 ಕೂಡಿಸಿ ಅಥವಾ ಕಳೆದು. ಐದು ಕಿಲೋವರೆಗೆ ಮಾತ್ರ ಗುರುತು ಇರುವ ತಕ್ಕಡಿಯ ಮೇಲೆ ಮೂಟೆ ಇಟ್ಟರೆ ಮುಳ್ಳು ಐದರಲ್ಲೇ ನಿಲ್ಲುತ್ತದೆ. ಎಂಟು ದಿನ ಎಂಟು ಸಲ ಅದೇ ಮೂಟೆ ಇಟ್ಟು, ಪ್ರತಿ ಸಲ ಐದು ಎಂದು ಬರೆದುಕೊಂಡು ಸರಾಸರಿ ತೆಗೆದರೆ ಮೂಟೆಯ ತೂಕ ಸಿಗುವುದಿಲ್ಲ. ಒಂದೇ ಸುದ್ದಿ, ಒಂದೇ ನೂಕುನುಗ್ಗಲು ಎಂಟು ತುಂಡಾಗಿ ಚಾರ್ಟಿಗೆ ಇಳಿದಿದೆ. ಸೂಚಕ ಅದನ್ನು ಎಂಟು ಬೇರೆ ಬೇರೆ ತೀರ್ಮಾನಗಳೆಂದು ಎಣಿಸಿ 'ಗಟ್ಟಿಯಾದ ಏರುಗತಿ' ಎನ್ನುತ್ತದೆ.

ಬೆಲೆ ಕಂಡುಕೊಳ್ಳದೆ ಉಳಿದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಒಂದು ವಿಪರೀತ ಉದಾಹರಣೆ. ಏಷ್ಯನ್ ಪೇಂಟ್ಸ್ ಷೇರುಗಳನ್ನು ಹೊಂದಿರುವ ಈ ಹೂಡಿಕೆ ಕಂಪನಿಯ ಷೇರು ಬಿಎಸ್‌ಇಯಲ್ಲಿ ₹3.53ಕ್ಕೆ ನಿಂತಿತ್ತು. ಅದರ ಆಸ್ತಿಯ ಮೌಲ್ಯಕ್ಕೆ ಹೋಲಿಸಿದರೆ ಆ ಬೆಲೆಗೆ ಅರ್ಥವೇ ಇರಲಿಲ್ಲ, ಹಾಗಾಗಿ ಇದ್ದವರು ಮಾರುತ್ತಿರಲಿಲ್ಲ. ಬೆಲೆ ಮಿತಿ ಇದ್ದದ್ದರಿಂದ ಯಾರೂ ನಿಜವಾದ ಬೆಲೆ ಕೂಗುವಂತಿರಲಿಲ್ಲ. ಇಂಥ ಹೂಡಿಕೆ ಕಂಪನಿಗಳಿಗೆ ಮಿತಿಯಿಲ್ಲದ ವಿಶೇಷ ಹರಾಜು ನಡೆಸಲು ಸೆಬಿ 2024ರಲ್ಲಿ ದಾರಿ ಮಾಡಿಕೊಟ್ಟಿತು. ಆ ವರ್ಷದ ಅಕ್ಟೋಬರ್ 29ರಂದು ಹರಾಜಿನಲ್ಲಿ ₹2,25,000 ಬೆಲೆ ಹೊರಬಿತ್ತು, ದಿನದ ಕೊನೆಗೆ ₹2,36,250. ಆ ಸಂಜೆ ಯಾರಾದರೂ 20 ದಿನದ ಮೂವಿಂಗ್ ಆವರೇಜ್ ನೋಡಿದ್ದರೆ ಅದು ಸುಮಾರು ₹11,800 ಎನ್ನುತ್ತಿತ್ತು. ಆ ಬೆಲೆಗೆ ಒಂದೇ ಒಂದು ಷೇರೂ ಎಂದೂ ಕೈ ಬದಲಿಸಿರಲಿಲ್ಲ. ಆರ್‌ಎಸ್‌ಐಯ ಏರಿಕೆಯ ಸರಾಸರಿಗೆ ಒಂದೇ ದಿನ ಸುಮಾರು ₹16,900 ಸೇರಿತು. ಹದಿನಾಲ್ಕು ದಿನ ಕಳೆದ ಮೇಲೂ, ಮಾರುಕಟ್ಟೆ ಏನೇ ಮಾಡಿರಲಿ, ಅದರಲ್ಲಿ ₹6,000ದಷ್ಟು ಹಾಗೆಯೇ ಉಳಿದಿರುತ್ತದೆ.

ಹೆಸರಿನಲ್ಲಿ 14 ದಿನ ಎಂದಿದ್ದರೂ ಆರ್‌ಎಸ್‌ಐ ಹದಿನೈದನೇ ದಿನ ಹಳೆಯದನ್ನು ಮರೆಯುವುದಿಲ್ಲ. ಹದಿನಾಲ್ಕು ದಿನದ ಬಳಿಕ ಹಳೆಯ ಪ್ರಭಾವದ ಶೇ 35ರಷ್ಟು, ಇಪ್ಪತ್ತೆಂಟು ದಿನದ ಬಳಿಕ ಶೇ 12ರಷ್ಟು ಉಳಿದಿರುತ್ತದೆ. ನಿಮ್ಮ ಷೇರಿನ ಬೀಗ ನಾಳೆಯೇ ಬಿಚ್ಚಿದರೂ ಈ ಹನ್ನೊಂದು ದಿನಗಳ ಬಣ್ಣ ಸೂಚಕದಿಂದ ಹೋಗಲು ಒಂದು ತಿಂಗಳಿಗೂ ಹೆಚ್ಚು ಬೇಕು.

ಇನ್ನು ಆ ಡೋಜಿಗಳು. ಬೆಳಿಗ್ಗೆ ಬೀಗ ಬಿದ್ದು ಸಂಜೆವರೆಗೆ ಬಿಚ್ಚದ ದಿನ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ನಾಲ್ಕೂ ಒಂದೇ ಬೆಲೆ. ಚಾರ್ಟಿನಲ್ಲಿ ಒಂದು ಅಡ್ಡಗೆರೆ ಮಾತ್ರ ಕಾಣುತ್ತದೆ. ಆರಂಭ ಮತ್ತು ಮುಕ್ತಾಯ ಸಮವಿದ್ದರೆ ಡೋಜಿ ಎಂದು ತಂತ್ರಾಂಶಕ್ಕೆ ಹೇಳಿಕೊಟ್ಟಿರುವುದರಿಂದ ಅದು ಹಾಗೆಂದೇ ಗುರುತು ಹಾಕುತ್ತದೆ. ಪುಸ್ತಕದ ಪ್ರಕಾರ ಡೋಜಿ ಎಂದರೆ ಕೊಳ್ಳುವವರು ಮಾರುವವರು ಸಮಬಲ, ಪೇಟೆ ಗೊಂದಲದಲ್ಲಿದೆ. ನಿಮ್ಮ ಷೇರಿನಲ್ಲಿ ನಡೆದದ್ದು ಅದರ ತದ್ವಿರುದ್ಧ: ಒಂದು ಕಡೆಯವರು ಮಾತ್ರ ಇದ್ದಾರೆ, ಇನ್ನೊಂದು ಕಡೆ ಖಾಲಿ. ಇಡೀ ಚಾರ್ಟಿನಲ್ಲಿ ಗೊಂದಲವೇ ಇಲ್ಲದ ದಿನಗಳು ಅವು. ದಿನದ ಗರಿಷ್ಠ ಕನಿಷ್ಠಗಳ ಅಂತರದಿಂದ ಭಾಗಿಸುವ ಸೂಚಕಗಳಿಗೆ, ಉದಾಹರಣೆಗೆ ಅಕ್ಯುಮ್ಯುಲೇಷನ್-ಡಿಸ್ಟ್ರಿಬ್ಯೂಷನ್ ಗೆರೆಗೆ, ಇನ್ನೂ ಫಜೀತಿ. ಅಂತರ ಸೊನ್ನೆ, ಸೊನ್ನೆಯಿಂದ ಭಾಗಿಸಲಾಗದು. ಹಾಗಾಗಿ ತಂತ್ರಾಂಶ ಸಾಮಾನ್ಯವಾಗಿ ಆ ದಿನವನ್ನು ಸೊನ್ನೆ ಎಂದು ಬಿಟ್ಟುಬಿಡುತ್ತದೆ. ಎಲ್ಲರೂ ಒಂದೇ ಬಾಗಿಲಿಗೆ ಮುಗಿಬಿದ್ದ ದಿನ ಲೆಕ್ಕದಲ್ಲಿ ಏನೂ ನಡೆದಿಲ್ಲ.

ವಹಿವಾಟಿನ ಪ್ರಮಾಣ ನೋಡಿ ಏರಿಕೆಯ ಗಟ್ಟಿತನ ಅಳೆಯುವವರೂ ಇಲ್ಲೇ ಎಡವುತ್ತಾರೆ. ಅಪ್ಪರ್ ಸರ್ಕ್ಯೂಟಿನಲ್ಲಿ ವಹಿವಾಟು ಎಷ್ಟಾಗುತ್ತದೆ ಎಂಬುದು ಮಾರಲು ಎಷ್ಟು ಜನ ಒಪ್ಪಿದರು ಎಂಬುದರ ಲೆಕ್ಕ ಮಾತ್ರ. ಕೊಳ್ಳಲು ಸರದಿಯಲ್ಲಿ ನಿಂತು ಬರಿಗೈಯಲ್ಲಿ ಹೋದವರು ಅದರಲ್ಲಿ ಇಲ್ಲ.

ನಿಮಗೆ ಧೈರ್ಯ ಕೊಟ್ಟ ಆ ಶೇ 100ರ ಡೆಲಿವರಿ ನನ್ನ ಬಳಿ ಬರುವ ಪತ್ರಗಳಲ್ಲಿ ಪದೇ ಪದೇ ಕಾಣಿಸುತ್ತದೆ. ಎನ್‌ಎಸ್‌ಇಯ ಬಿಇ ಸರಣಿ, ಬಿಎಸ್‌ಇಯ ಟಿ ಗುಂಪು ಎಂದರೆ ಟ್ರೇಡ್-ಟು-ಟ್ರೇಡ್ ವಿಭಾಗ. ಅಲ್ಲಿ ಅದೇ ದಿನ ಕೊಂಡು ಅದೇ ದಿನ ಮಾರಿ ಲೆಕ್ಕ ಚುಕ್ತಾ ಮಾಡುವಂತಿಲ್ಲ, ಕೊಂಡದ್ದೆಲ್ಲ ಖಾತೆಗೆ ಬರಲೇಬೇಕು. ಅಂದ ಮೇಲೆ ಡೆಲಿವರಿ ಶೇ 100 ಇರದೆ ಇನ್ನೆಷ್ಟಿರುತ್ತದೆ? ಅದು ದೊಡ್ಡವರ ನಂಬಿಕೆಯ ಗುರುತಲ್ಲ, ವಿಭಾಗದ ನಿಯಮ. ಷೇರನ್ನು ಆ ವಿಭಾಗಕ್ಕೆ ಹಾಕಿದ್ದೇ ಬಹಳ ಸಲ ಜೂಜಿನ ವಹಿವಾಟಿಗೆ ಕಡಿವಾಣ ಹಾಕಲು. ಎಚ್ಚರಿಕೆಯ ಫಲಕವನ್ನೇ ನೀವು ಸ್ವಾಗತ ಫಲಕ ಎಂದು ಓದಿಕೊಂಡಿರಿ. ಹೀಗೆ ಓದಿಕೊಂಡವರಲ್ಲಿ ನೀವು ಮೊದಲಿಗರಲ್ಲ.

ಸ್ಟಾಪ್ ಲಾಸ್ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ನಿಮ್ಮ ಬ್ರೋಕರ್ ಏನೋ ತಪ್ಪು ಮಾಡಿದ್ದಾರೆ ಎಂಬ ಅನುಮಾನ ನಿಮ್ಮ ಪತ್ರದ ಸಾಲುಗಳ ನಡುವೆ ಇದೆ. ಮೊದಲ ಲೋವರ್ ಸರ್ಕ್ಯೂಟಿನ ದಿನ ಹಿಂದಿನ ಮುಕ್ತಾಯ ಸುಮಾರು ₹147.70. ಆದ್ದರಿಂದ ಆ ದಿನ ಆರ್ಡರ್ ಹಾಕಬಹುದಾದ ಅತಿ ಕಡಿಮೆ ಬೆಲೆ ಸುಮಾರು ₹140.30. ನಿಮ್ಮ ₹130 ಅದಕ್ಕಿಂತ ಕೆಳಗಿತ್ತು, ತಿರಸ್ಕೃತವಾಯಿತು. ಎರಡನೇ ದಿನದ ತಳ ₹133.30, ಮತ್ತೆ ತಿರಸ್ಕೃತ. ಮೂರನೇ ದಿನ ತಳ ₹126.60ಕ್ಕೆ ಇಳಿದಾಗ ಮಾತ್ರ ₹130 ಮಿತಿಯೊಳಗೆ ಬಂತು. ಆದರೆ ಆ ದಿನ ಪೇಟೆ ತೆರೆದದ್ದೇ ₹126.60ರಲ್ಲಿ. ನೀವು ₹130ಕ್ಕೆ ಟ್ರಿಗರ್, ₹129.50ಕ್ಕೆ ಮಾರಾಟದ ಬೆಲೆ ಎಂದು ಹಾಕಿದ್ದಿರಬೇಕು. ಮೊದಲ ವಹಿವಾಟು ₹126.60ಕ್ಕೆ ಆದೊಡನೆ ಟ್ರಿಗರ್ ಎದ್ದಿತು, ನಿಮ್ಮ ಆರ್ಡರ್ ₹129.50ಕ್ಕೆ ಮಾರಲು ನಿಂತಿತು. ₹126.60ಕ್ಕೇ ಮಾರಲು ಸಾವಿರಾರು ಷೇರುಗಳು ಸರದಿಯಲ್ಲಿರುವಾಗ ₹129.50 ಕೊಡುವವರು ಯಾರು? ಸಂಜೆ ಆರ್ಡರ್ ತಾನಾಗಿ ರದ್ದಾಯಿತು. ಇಡೀ ಮೂರು ದಿನಗಳಲ್ಲಿ ನಿಮ್ಮನ್ನು ₹130ಕ್ಕೆ ಹೊರಗೆ ತರಬಲ್ಲ ಒಂದು ಕ್ಷಣವೂ ಇರಲಿಲ್ಲ. ಟ್ರಿಗರ್ ಬೆಲೆ ಬರುವವರೆಗೆ ಬ್ರೋಕರ್ ಬಳಿಯೇ ಕಾದಿರುವ ಜಿಟಿಟಿ ಆರ್ಡರ್ ಹಾಕಿದ್ದರೆ ಮೊದಲೆರಡು ದಿನದ ತಿರಸ್ಕಾರ ತಪ್ಪುತ್ತಿತ್ತು, ಫಲಿತಾಂಶ ಮಾತ್ರ ಇದೇ. ಸರ್ಕ್ಯೂಟ್ ಇರುವ ತೆಳು ವಹಿವಾಟಿನ ಷೇರಿನಲ್ಲಿ ಸ್ಟಾಪ್ ಲಾಸ್ ಎಂಬುದು ಒಂದು ಕೋರಿಕೆಯಷ್ಟೇ, ಎದುರಿಗೆ ಕೊಳ್ಳುವವನಿದ್ದರೆ ಮಾತ್ರ ನೆರವೇರುವ ಕೋರಿಕೆ.

ಮಾರಾಟ ಹೇಗೆ ಆಗುತ್ತದೆ ಎಂಬುದೂ ಗೊತ್ತಿರಲಿ. ಬೆಲೆ ಒಂದೇ ಆದಾಗ ಯಾರು ಮೊದಲು ಆರ್ಡರ್ ಹಾಕಿದರೋ ಅವರಿಗೆ ಮೊದಲು. ಲೋವರ್ ಸರ್ಕ್ಯೂಟಿನಲ್ಲಿ ಎಲ್ಲರದ್ದೂ ಒಂದೇ ಬೆಲೆ, ಹಾಗಾಗಿ ಸಮಯವೇ ಎಲ್ಲ. ಬೆಳಿಗ್ಗೆ 9.00ಕ್ಕೆ ಪೂರ್ವ-ಆರಂಭದ ಅವಧಿ ತೆರೆಯುತ್ತದೆ, ಅನುಭವ ಇದ್ದವರು ಆಗಲೇ ತಳದ ಬೆಲೆಗೆ ಆರ್ಡರ್ ಹಾಕಿ ಕೂತಿರುತ್ತಾರೆ. 9.15ಕ್ಕೆ ಮೊಬೈಲ್ ತೆಗೆದವರು ಅವರೆಲ್ಲರ ಹಿಂದೆ. ಮಾರಲು ನಿಂತ ಒಟ್ಟು ಪ್ರಮಾಣ 3 ಲಕ್ಷ ಷೇರು ಇದ್ದು ದಿನಕ್ಕೆ 4 ಸಾವಿರ ಮಾತ್ರ ಕೈ ಬದಲಿಸುತ್ತಿದ್ದರೆ ಸರದಿಯ ನಡುವಿನಲ್ಲಿರುವವರ ಪಾಳಿ ಸದ್ಯಕ್ಕೆ ಬರುವುದಿಲ್ಲ. ಅದೇ 40 ಸಾವಿರ ನಿಂತು 25 ಸಾವಿರ ಮಾರಾಟವಾಗುತ್ತಿದ್ದರೆ ಬೀಗ ಸಡಿಲಾಗುತ್ತಿದೆ ಎಂದರ್ಥ. ನಿಮ್ಮ ಷೇರಿನ ವಿಷಯದಲ್ಲಿ ಸದ್ಯಕ್ಕೆ ಓದಬೇಕಾದ ಅಂಕಿ ಎಂದರೆ ಇವೆರಡೇ, ಆರ್ಡರ್ ಪಟ್ಟಿಯಲ್ಲಿ ನಿಂತಿರುವುದು ಎಷ್ಟು, ಆಗುತ್ತಿರುವುದು ಎಷ್ಟು. ಇದರಲ್ಲೂ ಒಂದು ಮೋಸವಿದೆ. ದೊಡ್ಡ ಆರ್ಡರ್ ಹಾಕಿ ಹೆದರಿಸಿ ಅಥವಾ ಆಸೆ ಹುಟ್ಟಿಸಿ ಕೊನೆಯ ನಿಮಿಷಗಳಲ್ಲಿ ಹಿಂತೆಗೆದುಕೊಳ್ಳುವವರಿರುತ್ತಾರೆ. ಆದ್ದರಿಂದ ನಿಂತ ಪ್ರಮಾಣಕ್ಕಿಂತ ಆದ ವಹಿವಾಟನ್ನು ಹೆಚ್ಚು ನಂಬಿ.

ಈಗ ನಿಮ್ಮ ಮುಂದಿರುವ ದಾರಿಗಳು. ಒಂದು, ಪ್ರತಿದಿನ 9.00ಕ್ಕೇ ಆ ದಿನದ ತಳದ ಬೆಲೆಗೆ 400ನ್ನೂ ಮಾರಲು ಹಾಕುವುದು. ಇದರ ಅಪಾಯ, ನಿಮ್ಮ ಷೇರು ಮಾರಾಟವಾದ ದಿನವೇ ಬೀಗ ಬಿಚ್ಚಿ ಬೆಲೆ ಪುಟಿಯಬಹುದು. ಅದು ಹೊಟ್ಟೆ ಉರಿಸುತ್ತದೆ, ಆದರೆ ನಷ್ಟಕ್ಕೆ ಒಂದು ಕೊನೆ ಸಿಕ್ಕಿರುತ್ತದೆ. ಎರಡು, ಬೀಗ ಬಿಚ್ಚುವವರೆಗೆ ಕಾಯುವುದು. ಇದರ ಬೆಲೆಯನ್ನೂ ಲೆಕ್ಕ ಹಾಕಿಕೊಳ್ಳಿ: ಇನ್ನು ಮೂರು ಲೋವರ್ ಸರ್ಕ್ಯೂಟ್ ಬಿದ್ದರೆ ಬೆಲೆ ₹108.55, ಅಂದರೆ ಇವತ್ತಿನ ಮಟ್ಟದಿಂದ ಇನ್ನೂ ಸುಮಾರು ₹7,200 ಹೋಗುತ್ತದೆ. ಮೂರು, ಅರ್ಧವನ್ನು ಸರದಿಗೆ ಹಾಕಿ ಅರ್ಧ ಇಟ್ಟುಕೊಳ್ಳುವುದು. ಕಂಪನಿಯ ವ್ಯವಹಾರ ನಿಮಗೆ ಗೊತ್ತಿದ್ದು, ₹100ರ ಬೆಲೆಗೂ ಅದನ್ನು ಇಟ್ಟುಕೊಳ್ಳುತ್ತೇನೆ ಎನ್ನುವವರಿಗೆ ಎರಡನೆಯದೂ ಮೂರನೆಯದೂ ಸರಿ. ಚಾರ್ಟ್ ನೋಡಿ ಮಾತ್ರ ಕೊಂಡವರಿಗೆ ಮೊದಲನೆಯದನ್ನೇ ನಾನು ಹೇಳುತ್ತೇನೆ, ಏಕೆಂದರೆ ಅವರು ಒಳಗೆ ಬರಲು ಇದ್ದ ಕಾರಣವೇ ಈಗ ಉಳಿದಿಲ್ಲ. ಅಂತಿಮ ತೀರ್ಮಾನ ನಿಮ್ಮದು. ಕಂಪನಿ ಯಾವುದೆಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ.

ಬೀಗ ಬಿಚ್ಚಿದ ದಿನವನ್ನು ಗುರುತಿಸುವುದು ಕಷ್ಟವಲ್ಲ. ಗರಿಷ್ಠಕ್ಕೂ ಕನಿಷ್ಠಕ್ಕೂ ನಡುವೆ ನಿಜವಾದ ಅಂತರ ಕಾಣುತ್ತದೆ, ವಹಿವಾಟು ಹಿಂದಿನ ದಿನಗಳ ಹತ್ತಾರು ಪಟ್ಟು ಆಗಿರುತ್ತದೆ. ಆ ದಿನದ ಬೆಲೆ ಹನ್ನೊಂದು ದಿನಗಳ ನಂತರ ಪೇಟೆ ತಾನೇ ಕಂಡುಕೊಂಡ ಮೊದಲ ಬೆಲೆ. ಅಂದು ತಳದ ಮಿತಿಯಿಂದ ಮೇಲೆದ್ದು ಹಸಿರು ಕ್ಯಾಂಡಲ್ ಆದರೆ 'ತಿರುವಿನ ಮಾದರಿ' ಎಂದು ಹಾರಬೇಡಿ. ಸಿಕ್ಕಿಹಾಕಿಕೊಂಡವರೆಲ್ಲ ಹೊರಬೀಳಲು ಕಾಯುತ್ತಿರುತ್ತಾರೆ, ಮರುದಿನ ಮತ್ತೆ ಬೀಗ ಬೀಳುವುದು ಅಪರೂಪವಲ್ಲ. ಸತತ ಎರಡು ಮೂರು ದಿನ ಮಿತಿ ಮುಟ್ಟದೆ ವಹಿವಾಟು ನಡೆದರೆ ಮಾತ್ರ ಅದನ್ನು ಸಾಮಾನ್ಯ ಷೇರು ಎಂದು ಮತ್ತೆ ನೋಡಲು ಶುರು ಮಾಡುತ್ತೇನೆ. ಸೂಚಕದ ಲೆಕ್ಕವನ್ನೂ ಆ ದಿನದಿಂದ ಹೊಸದಾಗಿ ಆರಂಭಿಸುತ್ತೇನೆ, ಹಿಂದಿನದನ್ನು ಸೇರಿಸುವುದಿಲ್ಲ. ಅಂದರೆ ಮೂರು ವಾರ ಆರ್‌ಎಸ್‌ಐ ಇಲ್ಲದೆ ಇರಬೇಕು. ಇರಬಹುದು, ಏನೂ ಆಗುವುದಿಲ್ಲ.

ವಾರದ ಚಾರ್ಟ್ ನೋಡಿದರೆ ಈ ತೊಂದರೆ ಹೋಗುತ್ತದೆ ಎಂಬ ಸಲಹೆಯನ್ನು ನೀವು ಕೇಳಿರುತ್ತೀರಿ. ಸರ್ಕ್ಯೂಟಿನ ವಿಷಯದಲ್ಲಿ ಅದು ತೊಂದರೆಯನ್ನು ಹೆಚ್ಚಿಸುತ್ತದೆ. ಐದು ದಿನ ಶೇ 5ರ ಬೀಗ ಬಿದ್ದರೆ ವಾರದ ಚಾರ್ಟಿನಲ್ಲಿ ಬಾಲವಿಲ್ಲದ ಒಂದು ಉದ್ದ ಹಸಿರು ಕ್ಯಾಂಡಲ್ ಮೂಡುತ್ತದೆ, ಶೇ 27ಕ್ಕೂ ಹೆಚ್ಚಿನ ಏರಿಕೆ. ನೋಡಲು ಅಷ್ಟು ಸುಂದರ, ಅಷ್ಟೇ ಪೊಳ್ಳು. ವಾರದ ಚಾರ್ಟ್ ನೆರವಾಗುವುದು ಬೇರೆ ರೋಗಕ್ಕೆ: ಸರ್ಕ್ಯೂಟೇ ಬೀಳದೆ ಸುಮ್ಮನೆ ವಹಿವಾಟು ತೆಳುವಾಗಿರುವ ಷೇರುಗಳಿಗೆ.

ಅದನ್ನೂ ಹೇಳಿಬಿಡುತ್ತೇನೆ. ಒಂದು ಷೇರನ್ನು ಕೊಳ್ಳುವವರು ₹84 ಎನ್ನುತ್ತಾರೆ, ಮಾರುವವರು ₹86.50 ಎನ್ನುತ್ತಾರೆ. ದಿನಕ್ಕೆ ಏಳೆಂಟು ವಹಿವಾಟು. ಮಾರುವವನು ಅವಸರದಲ್ಲಿದ್ದರೆ ಬೆಲೆ ₹84 ಎಂದು ದಾಖಲಾಗುತ್ತದೆ, ಕೊಳ್ಳುವವನು ಅವಸರದಲ್ಲಿದ್ದರೆ ₹86.50. ಕಂಪನಿಯ ಮೌಲ್ಯ ಕದಲದಿದ್ದರೂ ಚಾರ್ಟಿನಲ್ಲಿ ದಿನಕ್ಕೆ ಶೇ 3ರ ಏರಿಳಿತ. ಎನ್‌ಎಸ್‌ಇಯಲ್ಲಿ ಮುಕ್ತಾಯ ಬೆಲೆ ಎಂದರೆ ಕೊನೆಯ ಅರ್ಧ ಗಂಟೆಯ ವಹಿವಾಟುಗಳ, ಪ್ರಮಾಣಕ್ಕೆ ತಕ್ಕ ಸರಾಸರಿ. ದೊಡ್ಡ ಷೇರಿನಲ್ಲಿ ಅದು ಸಾವಿರಾರು ವಹಿವಾಟುಗಳ ಸಾರ. ಇಂಥ ಷೇರಿನಲ್ಲಿ ಆ ಅರ್ಧ ಗಂಟೆಯಲ್ಲಿ ಒಬ್ಬನೇ ಬಂದು ₹86.50ಕ್ಕೆ ಹತ್ತು ಷೇರು ಕೊಂಡರೆ ಅದೇ ಮುಕ್ತಾಯ ಬೆಲೆ. ಬೆಳಿಗ್ಗೆ ₹86ಕ್ಕೆ ತೆರೆದು, ಮಧ್ಯಾಹ್ನ ₹82ಕ್ಕೆ ಯಾರೋ ಐವತ್ತು ಷೇರು ಬಿಸಾಡಿ, ಸಂಜೆ ಹೀಗೆ ಮುಗಿದರೆ ಬೆಲೆ ಮೇಲಕ್ಕೆ ತಿರುಗುವ ಸೂಚನೆ ಎನ್ನಲಾಗುವ, ಪುಸ್ತಕದಲ್ಲಿರುವಂಥದೇ ಹ್ಯಾಮರ್ ಮೂಡುತ್ತದೆ. ₹865 ಖರ್ಚಿನಲ್ಲಿ ತಯಾರಾದ ಹ್ಯಾಮರ್ ಅದು. ಬೇಕೆಂದೇ ತಯಾರಿಸುವವರೂ ಇದ್ದಾರೆ. ಜೊತೆಗೆ, ವಹಿವಾಟೇ ಆಗದ ದಿನಗಳನ್ನು ಬಹುತೇಕ ಚಾರ್ಟ್‌ಗಳು ತೋರಿಸದೆ ಮುಂದಕ್ಕೆ ಹೋಗುತ್ತವೆ. ಆದ್ದರಿಂದ ಅಲ್ಲಿನ 20 ದಿನದ ಸರಾಸರಿ ವಾಸ್ತವದಲ್ಲಿ ಎರಡು ತಿಂಗಳದ್ದಾಗಿರಬಹುದು. ವಾರದ ಚಾರ್ಟ್ ಈ ನಡುಕವನ್ನು ಸ್ವಲ್ಪ ತಗ್ಗಿಸುತ್ತದೆ, ಮಾದರಿಗಳನ್ನು ನಂಬುವಷ್ಟು ಅಲ್ಲ.

ಮುಂದಿನ ಸಲಕ್ಕೆ ಇನ್ನೊಂದು ಬಲೆಯ ಬಗ್ಗೆ ಎಚ್ಚರಿಸುತ್ತೇನೆ, ಏಕೆಂದರೆ ಇದರಲ್ಲಿ ಅಂಕಿ ತಿಳಿದವರೇ ಹೆಚ್ಚು ಬೀಳುತ್ತಾರೆ. ಬೆಲೆ ಮಿತಿಗಳು ಶೇ 2, 5, 10, 20 ಹೀಗಿರುತ್ತವೆ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಇರುವ ಷೇರುಗಳಿಗೆ ಮಾತ್ರ ಇಂಥ ಸ್ಥಿರ ಮಿತಿ ಇಲ್ಲ. ವಿಪರೀತ ಏರಿದ ಷೇರನ್ನು ವಿನಿಮಯ ಕೇಂದ್ರ ಎಎಸ್‌ಎಂ ಅಥವಾ ಜಿಎಸ್‌ಎಂ ಎಂಬ ನಿಗಾ ಪಟ್ಟಿಗೆ ಸೇರಿಸಬಹುದು, ಮಿತಿಯನ್ನು ಶೇ 20ರಿಂದ 5ಕ್ಕೆ, 2ಕ್ಕೆ ಇಳಿಸಬಹುದು. ಆಗ ದಿನಕ್ಕೆ ₹8 ಆಡುತ್ತಿದ್ದ ₹120ರ ಷೇರು ಹಿಂದಿನ ಮುಕ್ತಾಯದಿಂದ ಯಾವ ಕಡೆಗೂ ₹2.40ಕ್ಕಿಂತ ದೂರ ಹೋಗುವಂತೆಯೇ ಇಲ್ಲ. ದಿನಕ್ಕೆ ₹2.50ರಷ್ಟು ಆಡುತ್ತಿದ್ದರೆ, ದಿನದ ಏರಿಳಿತವನ್ನು ಅಳೆಯುವ ಎಟಿಆರ್ ಇಪ್ಪತ್ತೆಂಟು ವಹಿವಾಟು ದಿನಗಳಲ್ಲಿ ₹8ರಿಂದ ₹3.20ರ ಹತ್ತಿರ ಇಳಿಯುತ್ತದೆ. ಏರಿಳಿತಕ್ಕೆ ತಕ್ಕಂತೆ ಸರಾಸರಿಯ ಸುತ್ತ ಹಿಗ್ಗಿ ಕುಗ್ಗುವ ಬೋಲಿಂಜರ್ ಪಟ್ಟಿಗಳೂ ಕಿರಿದಾಗಿ 'ಸ್ಕ್ವೀಜ್' ಕಾಣುತ್ತದೆ. ಒಂದು ವಹಿವಾಟಿನಲ್ಲಿ ₹5,000ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು, ಎರಡು ಎಟಿಆರ್ ದೂರದಲ್ಲಿ ಸ್ಟಾಪ್ ಇಡಬೇಕು ಎಂಬ ಶಿಸ್ತಿನವನು ಮೊದಲು 312 ಷೇರು ಕೊಳ್ಳುತ್ತಿದ್ದ. ಈಗ ಅದೇ ಸೂತ್ರ ಅವನಿಗೆ 780 ಕೊಳ್ಳಲು ಹೇಳುತ್ತದೆ. ಷೇರು ಸೌಮ್ಯವಾಗಿಲ್ಲ, ಅದರ ಕೈಕಾಲು ಕಟ್ಟಲಾಗಿದೆ. ಅಪಾಯ ಹೆಚ್ಚಿದೆ ಎಂದು ಪಟ್ಟಿಗೆ ಸೇರಿಸಿದ ಷೇರಿನಲ್ಲಿ ಎರಡೂವರೆ ಪಟ್ಟು ಹಣ ಹೂಡಿಸುವುದು ಆ ಶಿಸ್ತೇ.

ಇದನ್ನು ತಪ್ಪಿಸಲು ಚಾರ್ಟ್ ತೆರೆಯುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಷೇರಿನ ಸರಣಿ ಮತ್ತು ಸದ್ಯದ ಬೆಲೆ ಮಿತಿ ಏನು, ಕಳೆದ ಮೂರು ತಿಂಗಳಲ್ಲಿ ಅದು ಬದಲಾಗಿದೆಯೇ ಎಂಬುದು ವಿನಿಮಯ ಕೇಂದ್ರದ ಜಾಲತಾಣದಲ್ಲೇ ಸಿಗುತ್ತದೆ, ನಿಗಾ ಪಟ್ಟಿಯೂ ಅಲ್ಲೇ ಇದೆ. ಎರಡನೆಯದಾಗಿ, ಅದೇ ಮೂರು ತಿಂಗಳ ದೈನಿಕ ವಹಿವಾಟಿನ ಮೊತ್ತಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ಸರಿಯಾಗಿ ನಡುವೆ ಬರುವ ಅಂಕಿ ತೆಗೆದುಕೊಳ್ಳಿ. ಸರಾಸರಿ ಬೇಡ, ಒಂದು ದಿನದ ದೊಡ್ಡ ವಹಿವಾಟು ಸರಾಸರಿಯನ್ನು ಕೆಡಿಸುತ್ತದೆ. ನಡುವಿನ ಅಂಕಿ ದಿನಕ್ಕೆ ₹2 ಲಕ್ಷ ಇದ್ದರೆ ನನ್ನ ಲೆಕ್ಕದಲ್ಲಿ ಅದರ ಶೇ 5, ಅಂದರೆ ₹10,000ಕ್ಕಿಂತ ಹೆಚ್ಚು ಆ ಷೇರಿನಲ್ಲಿ ಹಾಕಬಾರದು, ಹಾಕಿದರೆ ಒಂದು ದಿನದಲ್ಲಿ ಸದ್ದಿಲ್ಲದೆ ಹೊರಬರಲಾಗದು. ನೀವು ಹಾಕಿದ್ದು ₹53,600. ಇದು ಬೀಗ ಬೀಳದ ದಿನಗಳ ಲೆಕ್ಕ. ಹಾಗಾಗಿ ಅದೇ ಮೂರು ತಿಂಗಳಲ್ಲಿ ನಾಲ್ಕೂ ಬೆಲೆ ಒಂದೇ ಆದ ದಿನಗಳು ಎಷ್ಟಿವೆ ಎಂದೂ ಎಣಿಸಿ. ಐದಕ್ಕಿಂತ ಹೆಚ್ಚು ಸಿಕ್ಕರೆ ನಾನು ಆ ಷೇರಿಗೆ ಸೂಚಕ ಹಚ್ಚಲು ಹೋಗುವುದೇ ಇಲ್ಲ. ವಾರ್ಷಿಕ ವರದಿ ಓದಿ ಕೊಳ್ಳಬೇಕೆನಿಸಿದರೆ ಕೊಳ್ಳುತ್ತೇನೆ, ಇಲ್ಲವಾದರೆ ಬಿಡುತ್ತೇನೆ.